ಶ್ರದ್ಧಾಂಜಲಿ ಬರಹದ ದರ ಮತ್ತು ಸಮಯ ಬದಲಾಗಿದೆ: ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರೇ,

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ಶ್ರದ್ಧಾಂಜಲಿ ಬರೆಸುವವರಿಗೆ ಎರಡು ವಿಷಯ ಬದಲಾಗುತ್ತವೆ. ಬರಹದ ಚಾರ್ಜು 500 ರೂಪಾಯಿಯಿಂದ 900 ಆಗುತ್ತದೆ. ಬೆಳಿಗ್ಗೆ ಕೊಟ್ಟರೆ ಸಂಜೆ ಸಿಗುತ್ತಿದ್ದದ್ದು ಇನ್ನು ಎರಡು ದಿನ ತಗೊಳ್ಳುತ್ತದೆ. ತೀರಿಕೊಂಡವರು ಕ್ರೀಡಾಪಟುವಾಗಿದ್ದರೆ ಅವರ ಸರ್ಟಿಫಿಕೇಟುಗಳನ್ನು, ಇಲ್ಲವೇ ಅವುಗಳ ಫೋಟೊ ತೋರಿಸಬೇಕು. ಈ ಊರಲ್ಲಿ ಓಡುವವರು, ಎಸೆಯುವವರು ಜಾಸ್ತಿ. ಚಾಮುಂಡಿ ವಿಹಾರ ಕ್ರೀಡಾಂಗಣದ ಹಿರಿಯರ ಮನೆಗಳಿಂದ ನಮಗೆ ಕೆಲಸ ಬರುತ್ತಲೇ ಇರುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಪೇಪರ್ ಜಾಹೀರಾತು ದುಬಾರಿ ಅಂತ ನಮ್ಮನ್ನು ಬೈಯುತ್ತೀರಿ. ಪತ್ರಿಕೆಯವರು ಚದರ ಸೆಂಟಿಮೀಟರ್ ಲೆಕ್ಕದಲ್ಲಿ ತಗೊಳ್ಳುತ್ತಾರೆ. ಆ ದುಡ್ಡು ನಮ್ಮ ಗಲ್ಲಾದಲ್ಲಿ ಒಂದು ರಾತ್ರಿಯೂ ನಿಲ್ಲುವುದಿಲ್ಲ. ಫೋಟೊ ದೊಡ್ಡದು ಮಾಡಿ ಅನ್ನುವವರು ನೀವೇ, ಬಿಲ್ಲು ನೋಡಿ ಮುಖ ಸಿಂಡರಿಸುವವರೂ ನೀವೇ. ಹೆಚ್ಚಾದ 400 ರೂಪಾಯಿ ಕಾಗದಕ್ಕೂ ಅಲ್ಲ, ಇಂಕಿಗೂ ಅಲ್ಲ. ಅರ್ಧ ದಿನ ಒಬ್ಬರು ಕೂತು ಹಳೇ ಸರ್ಟಿಫಿಕೇಟ್ ಓದುತ್ತಾರೆ, ಜೊತೆಗೆ ಆಡಿದವರಿಗೆ ಫೋನ್ ಮಾಡುತ್ತಾರೆ. ಅದಕ್ಕೆ.

ಇದನ್ನು ಸುಮ್ನೆ ಶುರು ಮಾಡಿದ್ದಲ್ಲ. ತಪ್ಪು ನಮ್ಮಿಂದಲೇ ಆಯಿತು.

ಹೋದ ವರ್ಷ ಒಬ್ಬ ಹಿರಿಯ ಗುಂಡು ಎಸೆತಗಾರರು ತೀರಿಕೊಂಡರು. ಹೆಸರು ಬೇಡ. ಮಗಳು ಒಪ್ಪಿದ್ದರಿಂದ ಉಳಿದದ್ದು ಹೇಳುತ್ತೇನೆ. ಮನೆಯವರು ಅಳುತ್ತಾ ಕೊಟ್ಟ ಚೀಟಿಯಲ್ಲಿ 'ರಾಷ್ಟ್ರೀಯ ದಾಖಲೆ ವೀರ' ಅಂತ ಇತ್ತು. ನಾವು ಮರುಮಾತಿಲ್ಲದೆ ಅಚ್ಚು ಹಾಕಿದೆವು, 300 ಪ್ರತಿ. ಹನ್ನೊಂದನೇ ದಿನದ ಊಟಕ್ಕೆ ಅವರ ಜೊತೆಯ ಎಸೆತಗಾರರೆಲ್ಲ ಬಂದಿದ್ದರು. ಪುಸ್ತಿಕೆ ಕೈಯಿಂದ ಕೈಗೆ ಹೋಯಿತು. ಯಾರೂ ಏನೂ ಅನ್ನಲಿಲ್ಲ. ಮಾರನೇ ದಿನ ಅವರಲ್ಲೊಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ತಮ್ಮದೊಂದು ಸರ್ಟಿಫಿಕೇಟ್ ಇಟ್ಟುಕೊಂಡು ಅಂಗಡಿಗೆ ಬಂದರು. "ಹೊಟ್ಟೆಕಿಚ್ಚು ಅಂದ್ಕೋಬೇಡಿ ಸ್ವಾಮಿ. ಅವನು ಇದ್ದಿದ್ರೆ ಇದನ್ನ ಅವನೇ ಹರಿದು ಹಾಕ್ತಿದ್ದ" ಅಂದರು.

ಆಮೇಲೆ ಮಗಳ ಹತ್ತಿರ ಇದ್ದ ಮೂಲ ಸರ್ಟಿಫಿಕೇಟ್ ತರಿಸಿ ನೋಡಿದೆವು. ಅದರಲ್ಲಿದ್ದದ್ದು 'ನ್ಯೂ ಮೀಟ್ ರೆಕಾರ್ಡ್'. ಅಂದರೆ ಕೂಟ ದಾಖಲೆ. ಆ ಒಂದು ಕೂಟದಲ್ಲಿ ಅಲ್ಲಿಯವರೆಗೆ ಆದ ಎಸೆತಗಳಲ್ಲೆಲ್ಲ ದೂರದ್ದು. ಅದೂ ರಾಜ್ಯ ಮಾಸ್ಟರ್ಸ್ ಕೂಟ. ಮಾಸ್ಟರ್ಸ್ ಅಂದರೆ 35 ದಾಟಿದವರ ಕ್ರೀಡೆ, ಐದೈದು ವರ್ಷಕ್ಕೆ ಒಂದು ವಯೋಮಾನ. ವಯಸ್ಸು ಏರಿದಂತೆ ಗುಂಡಿನ ತೂಕವೂ ಇಳಿಯುತ್ತದೆ. ಸೀನಿಯರ್ ಗಂಡಸರದು 7.26 ಕೆಜಿ, 60 ದಾಟಿದವರಿಗೆ 5, 70 ದಾಟಿದವರಿಗೆ 4. ಹೀಗಾಗಿ ಬರೀ ದೂರ ಬರೆದು ತೂಕ, ವಯೋಮಾನ ಬಿಟ್ಟರೆ ಆ ಅಂಕಿಗೆ ಅರ್ಥವೇ ಇಲ್ಲ. ಬಲ್ಲವರು ನಗುತ್ತಾರೆ, ತಿಳಿಯದವರು ತಪ್ಪು ತಿಳಿಯುತ್ತಾರೆ.

ನಮ್ಮ ಖರ್ಚಿನಲ್ಲೇ 300 ಪ್ರತಿ ಮತ್ತೆ ಹಾಕಿಸಿದೆವು. ಹೊಸದು ಹೀಗಿತ್ತು:

"ರೈಲ್ವೆ ಕೆಲಸದಿಂದ ನಿವೃತ್ತರಾದ ಮೇಲೆ, 60 ದಾಟಿದ ನಂತರ, ಮೊದಲ ಸಲ ಗುಂಡು ಹಿಡಿದರು. 72ನೇ ವಯಸ್ಸಿನಲ್ಲಿ ರಾಜ್ಯ ಮಾಸ್ಟರ್ಸ್ ಕೂಟದ 70ರಿಂದ 74ರ ವಯೋಮಾನದಲ್ಲಿ 4 ಕೆಜಿ ಗುಂಡನ್ನು 9.84 ಮೀಟರ್ ಎಸೆದು ಕೂಟ ದಾಖಲೆ ಮಾಡಿದರು. ಎರಡು ವರ್ಷದ ನಂತರ ಅದನ್ನು ಮುರಿದವರು, ಅವರೇ ಗುಂಡು ಹಿಡಿಯಲು ಕಲಿಸಿದ ಗೆಳೆಯ."

ಆ ಗೆಳೆಯ ಯಾರು ಅಂತ ಗೊತ್ತಾಯಿತಲ್ವಾ? ಪ್ಲಾಸ್ಟಿಕ್ ಕವರಿನವರು.

ಈಗ ನಾವು ಪದೇ ಪದೇ ಕೇಳುವ ದೂರು. "ಸತ್ತವರ ಸಾಧನೆಗೆ ಕತ್ತರಿ ಹಾಕ್ತೀರಿ. ಹೋದೋರ ಬಗ್ಗೆ ನಾಲ್ಕು ಒಳ್ಳೇ ಮಾತು ಜಾಸ್ತಿ ಬರೆದ್ರೆ ಯಾರಿಗೇನು ನಷ್ಟ?" ಕೌಂಟರಿನಲ್ಲಿ ಇದಕ್ಕೆ ಉತ್ತರ ಕೊಟ್ಟೂ ಕೊಟ್ಟೂ ಬಾಯಿ ಒಣಗಿದೆ. ಒಂದೇ ಸಲ ಬರೆದುಬಿಡುತ್ತೇನೆ.

ಫೌಜಾ ಸಿಂಗ್ ಹೆಸರು ಕೇಳಿರುತ್ತೀರಿ. ಪಂಜಾಬಿನವರು, ಇಂಗ್ಲೆಂಡಿನಲ್ಲಿ ನೆಲೆಸಿದ್ದವರು, 2025ರ ಜುಲೈನಲ್ಲಿ ತೀರಿಕೊಂಡರು. ಪಾಸ್‌ಪೋರ್ಟಿನಲ್ಲಿ ಹುಟ್ಟಿದ್ದು 1911 ಅಂತಿತ್ತು. ಆ ಲೆಕ್ಕದಲ್ಲಿ 2011ರಲ್ಲಿ ಟೊರಾಂಟೊ ಮ್ಯಾರಥಾನ್ ಮುಗಿಸಿದಾಗ ಅವರಿಗೆ ನೂರು ತುಂಬಿತ್ತು. ಎಂಟು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಆದರೆ ಗಿನ್ನೆಸ್‌ನವರು ಜನನ ಪ್ರಮಾಣಪತ್ರ ಕೇಳಿದರು. ಅವರು ಹುಟ್ಟಿದ ಕಾಲದ ಹಳ್ಳಿಯಲ್ಲಿ ಅಂಥದ್ದೆಲ್ಲಿ? ದಾಖಲೆ ಅಂತ ಗಿನ್ನೆಸ್‌ನವರು ಒಪ್ಪಲಿಲ್ಲ. 'ಗಿನ್ನೆಸ್ ದಾಖಲೆ ವೀರ' ಅಂತ ಬರೆದರೆ ಅದು ಸುಳ್ಳು. 'ಪಾಸ್‌ಪೋರ್ಟ್ ಪ್ರಕಾರ ನೂರು ತುಂಬಿದ ಮೇಲೆ ಮ್ಯಾರಥಾನ್ ಮುಗಿಸಿದರು, ಜನನ ಪತ್ರ ಇಲ್ಲದ ಕಾರಣ ಗಿನ್ನೆಸ್ ಒಪ್ಪಲಿಲ್ಲ' ಅಂತ ಬರೆದರೆ ನಿಜ. ಎರಡನ್ನೂ ಓದಿ ನೋಡಿ. ಎರಡನೆಯದರಲ್ಲಿ ಒಬ್ಬ ಮನುಷ್ಯ, ಒಂದು ಕಾಲ, ಒಂದು ಹಳ್ಳಿ ಇದೆ. ಮೊದಲನೆಯದರಲ್ಲಿ ಬರೀ ಪಟ್ಟ.

ಚಂಡೀಗಢದ ಮಾನ್ ಕೌರ್ ಅಜ್ಜಿ ಇನ್ನೊಬ್ಬರು. 93ನೇ ವಯಸ್ಸಿಗೆ ಓಟ ಶುರು ಮಾಡಿ, 2017ರಲ್ಲಿ ಆಕ್ಲೆಂಡಿನ ವಿಶ್ವ ಮಾಸ್ಟರ್ಸ್ ಕ್ರೀಡಾಕೂಟದಲ್ಲಿ 101ರ ವಯಸ್ಸಿನಲ್ಲಿ 100 ಮೀಟರ್ ಚಿನ್ನ ಗೆದ್ದರು. ಸುಮಾರು 74 ಸೆಕೆಂಡ್. ಆ ವಯೋಮಾನದಲ್ಲಿ ಓಡಿದವರು ಅವರೊಬ್ಬರೇ. 'ಜಗತ್ತನ್ನೇ ಸೋಲಿಸಿದರು' ಅಂತ ಬರೆಯಲು ಅಲ್ಲಿ ಎದುರಾಳಿಯೇ ಇರಲಿಲ್ಲ. 'ಅವರ ಪಕ್ಕದಲ್ಲಿ ನಿಲ್ಲಲು ಆ ವಯಸ್ಸಿನವರು ಇನ್ಯಾರೂ ಇರಲಿಲ್ಲ' ಅಂತ ಬರೆಯಿರಿ. ಕಡಿಮೆ ಆಯಿತಾ?

ನಾವು ಕತ್ತರಿಸುವುದಕ್ಕಿಂತ ಸೇರಿಸುವುದೇ ಜಾಸ್ತಿ ಅಂತ ನನ್ನ ಲೆಕ್ಕ. ಮಾಸ್ಟರ್ಸ್ ಕೂಟಕ್ಕೆ ವಿದೇಶಕ್ಕೆ ಹೋಗುವವರಲ್ಲಿ ಬಹಳ ಜನ ಸ್ವಂತ ಖರ್ಚಿನಲ್ಲೇ ಹೋಗುತ್ತಾರೆ. ಮನೆಯವರು ಅದನ್ನು ಮುಚ್ಚಿಟ್ಟು 'ದೇಶವನ್ನು ಪ್ರತಿನಿಧಿಸಿದರು' ಅಂತಷ್ಟೇ ಬರೆಸುತ್ತಾರೆ. ಪಿಂಚಣಿ ಕೂಡಿಟ್ಟು ಟಿಕೆಟ್ ತಗೊಂಡದ್ದು ಮುಚ್ಚಿಡುವ ಮಾತೇ? 'ಒಲಿಂಪಿಯನ್' ಅನ್ನುವ ಪದವನ್ನಂತೂ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದವರಿಗೆ ಬಿಟ್ಟು ಬೇರೆ ಯಾರಿಗೂ ನಾವು ಹಾಕುವುದಿಲ್ಲ. ಮಾಸ್ಟರ್ಸ್ ಗೇಮ್ಸ್ ಬೇರೆ, ಒಲಿಂಪಿಕ್ಸ್ ಬೇರೆ. ಈ ವಿಷಯದಲ್ಲಿ ಜಗಳ ಆಡಿ ಎರಡು ಆರ್ಡರ್ ಕಳಕೊಂಡಿದ್ದೇವೆ. ಹೋಗಲಿ.

ಸರ್ಟಿಫಿಕೇಟ್ ಸಿಗದಿದ್ದರೆ ಹೆದರಬೇಡಿ. ಗೆದ್ದಲು ತಿಂದಿರಬಹುದು, ಮನೆ ಬದಲಾಯಿಸುವಾಗ ಕಳೆದಿರಬಹುದು. ಅಂಥ ಕಡೆ ಪದಕದ ಹಿಂಬದಿ ನೋಡುತ್ತೇವೆ. ಕೂಟದ ಹೆಸರು, ವರ್ಷ ಅಲ್ಲಿ ಕೆತ್ತಿರುವುದುಂಟು. ಜೊತೆಗೆ ಆಡಿದ ಇಬ್ಬರು ಒಂದೇ ಮಾತು ಹೇಳಿದರೆ 'ಗೆಳೆಯರು ನೆನೆಯುವಂತೆ' ಅಂತ ಸೇರಿಸಿ ಬರೆಯುತ್ತೇವೆ. ಅದೂ ಸಿಗದಿದ್ದರೆ ಪದಕದ ಮಾತು ಬಿಟ್ಟು, ಬೆಳಿಗ್ಗೆ ಐದಕ್ಕೆ ಎದ್ದು ಮೈದಾನಕ್ಕೆ ಹೋಗುತ್ತಿದ್ದದ್ದನ್ನು ಬರೆಯುತ್ತೇವೆ. ಅದಕ್ಕೆ ಸಾಕ್ಷಿ ಇಡೀ ಬೀದಿ.

ಸಾವಿನ ಮನೆಯಲ್ಲಿ ಎರಡು ದಿನ ದೊಡ್ಡದು ಅಂತ ನಮಗೂ ಗೊತ್ತು. ಅದಕ್ಕೆ ಕ್ಷಮೆ ಕೇಳುತ್ತೇನೆ. ಮಾರನೇ ದಿನದ ಪೇಪರಿಗೆ ಹೆಸರು, ವಯಸ್ಸು, ಕಾರ್ಯದ ವಿವರ ಮಾತ್ರ ಮೊದಲಿನಂತೆ ಸಂಜೆಯೊಳಗೆ ಕೊಡುತ್ತೇವೆ. ಅದಕ್ಕೆ ಬರಹದ ಚಾರ್ಜಿಲ್ಲ. ಸಾಧನೆಯ ಪುಟ ಹನ್ನೊಂದನೇ ದಿನಕ್ಕೆ ತಪ್ಪದೆ ಸಿಗುತ್ತದೆ. ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೇ ದರವೇ.

ಇನ್ನೊಂದು. ಗುಂಡು ಎಸೆತದವರ ಮಗಳೇ, ಅಪ್ಪಾಜಿಯ ನೀಲಿ ಫೋಲ್ಡರ್ ಇನ್ನೂ ನಮ್ಮ ಬೀರುವಿನಲ್ಲೇ ಇದೆ. ಒಳಗೆ ಒಂದು ಬಸ್ ಟಿಕೆಟ್ಟೂ ಇದೆ, ಹಿಂದೆ ಅವರ ಕೈಬರಹದಲ್ಲಿ 9.84 ಅಂತ ಬರೆದಿದ್ದಾರೆ. ಬಂದು ತಗೊಂಡು ಹೋಗಮ್ಮ.

ನಿಮ್ಮ ಅಂಗಡಿಯವ