ಸಾಲದ ಅರ್ಜಿ ಕೊಡುವ ಮುನ್ನ

ಚಿರಂಜೀವಿಗೆ ಚಿಕ್ಕಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಲೆಕ್ಕಪತ್ರ ಎರಡು ಸಲ ಓದಿದೆ. ಬಡ್ಡಿ ಮತ್ತು ತೆರಿಗೆ ಕಳೆಯುವ ಮುಂಚಿನ ಲಾಭ 36 ಲಕ್ಷ, ಬಡ್ಡಿ 10 ಲಕ್ಷ. ಹಾಗಾಗಿ ಇಂಟರೆಸ್ಟ್ ಕವರೇಜ್, ಅಂದರೆ ಲಾಭ ಬಡ್ಡಿಯ ಎಷ್ಟು ಪಟ್ಟು ಎಂಬುದು, 3.6 ಎಂದು ಬರೆದಿದ್ದೀಯ. ಸಾಲ ಕೊಡುವ ಮೇಜಿನ ಆ ಕಡೆ ಕೂತು ಬಂದವನು ನಾನು. ಅಲ್ಲಿ ಆ ಅಂಕಿ ಹಾಗೆ ಉಳಿಯುವುದಿಲ್ಲ.

ಆ 36 ಲಕ್ಷದಲ್ಲಿ ಹಳೆಯ ಯಂತ್ರ ಮಾರಿ ಬಂದ ಲಾಭ 6 ಲಕ್ಷ ಇದೆ. ಮುಂದಿನ ವರ್ಷ ಮಾರಲು ಇನ್ನೊಂದು ಯಂತ್ರ ಇರುವುದಿಲ್ಲವಲ್ಲ, ಅದನ್ನು ಮೊದಲೇ ಕಳೆಯುತ್ತಾರೆ. ಉಳಿಯುವುದು 30. ಇನ್ನು ನೀನು ಕೇಳುತ್ತಿರುವ 100 ಲಕ್ಷಕ್ಕೆ ಶೇ. 10ರಂತೆ ಬಡ್ಡಿ ಇನ್ನೂ 10 ಲಕ್ಷ. 30ನ್ನು 20ರಿಂದ ಭಾಗಿಸಿ ನೋಡು, 1.5. ಲಾಭ ಮೂರರಲ್ಲೊಂದು ಪಾಲು ಕುಸಿದರೆ ಬಡ್ಡಿಗೆ ಮಾತ್ರ ಸರಿಹೋಗುತ್ತದೆ, ಅಸಲಿನ ಕಂತಿಗೆ ಏನೂ ಉಳಿಯುವುದಿಲ್ಲ. ಹೊಸ ಯಂತ್ರದಿಂದ ಲಾಭ ಹೆಚ್ಚುತ್ತದೆ ಎನ್ನುತ್ತೀಯ. ಹೆಚ್ಚಬಹುದು. ಆದರೆ ಬಡ್ಡಿ ಸಾಲ ಕೈಸೇರಿದ ದಿನದಿಂದಲೇ ಓಡುತ್ತದೆ, ಗಿರಾಕಿಯ ಹಣ ತಿಂಗಳುಗಳ ನಂತರ ಬರುತ್ತದೆ. ಕೈಯಲ್ಲಿ ಖಚಿತ ಆರ್ಡರ್ ಇದ್ದರೆ ಅರ್ಜಿಯ ಜೊತೆ ಲಗತ್ತಿಸು, ಬರೀ ಅಂದಾಜಿಗೆ ಅರ್ಧ ಬೆಲೆಯೂ ಸಿಗದು.

ಎರಡನೆಯದು ಸಾಲ ಮತ್ತು ಸ್ವಂತ ಬಂಡವಾಳದ ಅನುಪಾತ. ಈಗಿನ ಸಾಲ 100, ಬಂಡವಾಳ 80, ಆದ್ದರಿಂದ 1.25 ಎಂದಿದ್ದೀಯ. ಆ 80ರಲ್ಲಿ 20 ಲಕ್ಷ ಜಾಗದ ಬೆಲೆಯನ್ನು ಕಾಗದದ ಮೇಲೆ ಏರಿಸಿದ್ದು. ಇನ್ನು 10 ಲಕ್ಷ ನಿನ್ನ ಅಣ್ಣನ ಸಂಸ್ಥೆಗೆ ಕೈಸಾಲ ಕೊಟ್ಟು ಕೂತಿದ್ದು. ನಮ್ಮೊಳಗಿನ ಮಾತು, ಅದು ಬಂದಾಗಲೇ ಬಂತು. ಇವೆರಡನ್ನೂ ತೆಗೆದರೆ 50. ಹೊಸ ಸಾಲ ಸೇರಿ 200ನ್ನು 50ರಿಂದ ಭಾಗಿಸಿದರೆ 4. ವ್ಯಾಪಾರದಲ್ಲಿ ನಿನ್ನದು ಒಂದು ಪಾಲು, ಸಾಲ ಕೊಟ್ಟವರದು ನಾಲ್ಕು ಪಾಲು ಎಂದಾಗ ನಷ್ಟದ ಹೊರೆ ಯಾರ ಮೇಲೆ ಬೀಳುತ್ತದೆಂದು ಅಧಿಕಾರಿ ಯೋಚಿಸದೆ ಇರುತ್ತಾನೆಯೇ?

ಇದಕ್ಕೆ ದಾರಿಯಿದೆ. ನಿನ್ನ 100 ಲಕ್ಷ ಸಾಲದಲ್ಲಿ 30 ಲಕ್ಷ ಅಪ್ಪ ಕೊಟ್ಟಿದ್ದು. ಬ್ಯಾಂಕಿನ ಸಾಲ ತೀರುವವರೆಗೆ ಆ ಹಣ ವಾಪಸು ಕೇಳುವುದಿಲ್ಲ ಎಂದು ಅವರು ಬರೆದುಕೊಟ್ಟರೆ, ಅನೇಕ ಕಡೆ ಅದನ್ನು ಬಂಡವಾಳದ ಜೊತೆಗೇ ಎಣಿಸುತ್ತಾರೆ. ಬಾಯಿಮಾತು ಸಾಲದು. ಜೊತೆಗೆ 100ರ ಬದಲು 60 ಕೇಳು. ಆಗ ಸಾಲ 70 ಮತ್ತು 60 ಸೇರಿ 130, ಬಂಡವಾಳ 50 ಮತ್ತು 30 ಸೇರಿ 80, ಅನುಪಾತ ಸುಮಾರು 1.6. ಅಪ್ಪನಿಗೆ ಕೊಡುವ ಬಡ್ಡಿಯನ್ನೂ ಸೇರಿಸಿಯೇ ಒಟ್ಟು ಬಡ್ಡಿ 16, ಕವರೇಜ್ 1.9ರ ಹತ್ತಿರ. ಇದೂ ಹಾಯಾದ ಅಂಕಿಯಲ್ಲ, ಆದರೆ ಮಾತಾಡಲು ಕೂರಿಸುತ್ತಾರೆ.

ಯಂತ್ರ ಮಾರಿದ 6 ಲಕ್ಷವನ್ನು ನೀನೇ ಬೇರೆ ಸಾಲಿನಲ್ಲಿ ತೋರಿಸು. ಅವರೇ ಹುಡುಕಿ ತೆಗೆದರೆ ಉಳಿದ ಅಂಕಿಗಳನ್ನೂ ಅನುಮಾನದಿಂದ ನೋಡತೊಡಗುತ್ತಾರೆ. ಅಪ್ಪನ ಪತ್ರದ ಕರಡು ಬರೆದು ಮೊದಲು ನನಗೆ ಕಳಿಸು.

ನಿನ್ನ ಚಿಕ್ಕಪ್ಪ