ಒಂದು ಹಲ್ಲುನೋವಿಗೆ ಅಂತ ಹೋಗಿ ಐದು ದಿನದ ಕೂಲಿ ಹೋಯ್ತು ಸರ್

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ಬೆಂಗಳೂರಿನ ಪೂರ್ವ ಭಾಗದಲ್ಲಿ ಒಂದು ಮೆಡಿಕಲ್ ಶಾಪ್‌ನಲ್ಲಿ ಕೆಲಸ ಮಾಡುತ್ತೇನೆ. ಅಂಗಡಿಯ ಹಿಂದೆ ಕಟ್ಟಡ ಕೆಲಸದವರ ತಗಡಿನ ಶೆಡ್‌ಗಳಿವೆ. ಯಾದಗಿರಿ, ರಾಯಚೂರಿನವರಿದ್ದಾರೆ, ಬಿಹಾರ, ಜಾರ್ಖಂಡ್‌ನವರೂ ಇದ್ದಾರೆ. ರಾತ್ರಿ ಏಳೂವರೆ ಆದ ಮೇಲೆ ಒಬ್ಬೊಬ್ಬರಾಗಿ ಬರುತ್ತಾರೆ. ಬಂದವರಲ್ಲಿ ಜಾಸ್ತಿ ಜನ ಕೇಳೋದು ನೋವಿನ ಮಾತ್ರೆ. ಇಡೀ ಸ್ಟ್ರಿಪ್ ತಗೊಳ್ಳೋದಿಲ್ಲ, ಎರಡೇ ಎರಡು ಕತ್ತರಿಸಿ ಕೊಡಿ ಅಂತಾರೆ.

ಕಳೆದ ಮಳೆಗಾಲದಲ್ಲಿ ಒಬ್ಬರು ನಾಲ್ಕು ದಿನ ಬಿಡದೆ ಬಂದರು. ಶಹಾಪುರ ಕಡೆಯವರು, ವಯಸ್ಸು ನಲವತ್ತೇಳು, ಕಂಬಿ ಕಟ್ಟುವ ಕೆಲಸ, ದಿನಕ್ಕೆ 700 ರೂಪಾಯಿ ಕೂಲಿ. "ಒಂದ್ ಹಲ್ಲಿನ ಗುಳಗಿ ಕೊಡ್ರಿ ಸರ" ಅಂತಿದ್ದರು. ಐದನೇ ದಿನ ಬಂದಾಗ ಎಡಗೆನ್ನೆ ಊದಿ ಕಣ್ಣು ಸಣ್ಣಗಾಗಿತ್ತು, ಬಾಯಿ ಎರಡು ಬೆರಳಿನಷ್ಟೂ ತೆರೆಯೋಕೆ ಆಗ್ತಿರಲಿಲ್ಲ. ಇನ್ನು ಮಾತ್ರೆ ಕೊಡಲ್ಲ, ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗಲೇಬೇಕು ಅಂದೆ. ಹಲ್ಲಿನ ಕೀವು ಕುತ್ತಿಗೆಗೆ ಇಳಿದರೆ ಉಸಿರೇ ಕಟ್ಟುತ್ತೆ.

ಪಕ್ಕದ ರಸ್ತೆಯ ಖಾಸಗಿ ಡೆಂಟಿಸ್ಟ್ ಹತ್ತಿರ ರೂಟ್ ಕೆನಾಲ್‌ಗೆ ಐದು ಸಾವಿರ ಹೇಳಿದ್ದರು, ಕ್ಯಾಪ್‌ಗೆ ಬೇರೆ. ಅಷ್ಟು ದುಡ್ಡು ಇರಲಿಲ್ಲ. ಅದಕ್ಕೇ ಸರ್ಕಾರಿ ಆಸ್ಪತ್ರೆಯ ಹಲ್ಲಿನ ವಿಭಾಗಕ್ಕೆ ಹೋದರು. ಯಾವ ಆಸ್ಪತ್ರೆ ಅಂತ ಬರೆಯಲ್ಲ ಸರ್. ಅಲ್ಲಿನ ಡಾಕ್ಟರು ಚೆನ್ನಾಗೇ ನೋಡಿದರು, ನನ್ನ ದೂರು ಅವರ ಮೇಲಲ್ಲ.

ಮೊದಲ ದಿನ ಓಪಿ ಚೀಟಿ, ಸಾಲು, ಎಕ್ಸ್‌ರೇ ಇಷ್ಟರಲ್ಲೇ ಮಧ್ಯಾಹ್ನ ಆಯ್ತು. ಕೀವಿಗೆ ಮಾತ್ರೆ ಬರೆದು, ಹಲ್ಲು ಮುಟ್ಟುವ ಮೊದಲು ಶುಗರ್ ಟೆಸ್ಟ್ ಮಾಡಿಸಿ ಬನ್ನಿ ಅಂದರು. ಅದು ಸರಿಯೇ. ಸಕ್ಕರೆ ಜಾಸ್ತಿ ಇದ್ದಾಗ ಹಲ್ಲು ಕಿತ್ತರೆ ಗಾಯ ಬೇಗ ಮಾಯಲ್ಲ. ಎರಡನೇ ದಿನ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ತಿಂಡಿ ತಿಂದು, ಎರಡು ಗಂಟೆ ಬಿಟ್ಟು ಮತ್ತೆ ಕೊಟ್ಟರು. ಊಟದ ನಂತರದ ಸಕ್ಕರೆ 340 ಬಂತು. ತನಗೆ ಶುಗರ್ ಇದೆ ಅಂತ ಅವರಿಗೆ ಗೊತ್ತಾಗಿದ್ದೇ ಆವತ್ತು. ಮಾತ್ರೆ ಶುರುವಾಗಿ ವಾರದ ಮೇಲೆ ಮತ್ತೆ ಬಂದು ತೋರಿಸಿದ್ದು ಮೂರನೇ ದಿನ. ರೂಟ್ ಕೆನಾಲ್ ಮಾಡಿದರೆ ಹಲ್ಲು ಉಳಿಯುತ್ತೆ, ಇನ್ನೂ ಮೂರು ಸಲ ಬರಬೇಕು ಅಂದರು. "ಕಿತ್ತಬಿಡ್ರಿ, ಮೂರ್ ಸಲ ಬರಾಕ ಆಗಂಗಿಲ್ಲ" ಅಂದರಂತೆ. ನಾಲ್ಕನೇ ದಿನ ಹಲ್ಲು ಹೋಯ್ತು. ಉಳಿಯಬಹುದಾಗಿದ್ದ ಹಲ್ಲು ಸರ್ ಅದು, ಊಟ ಅಗಿಯುವ ದವಡೆ ಹಲ್ಲು.

ಐದನೇ ದಿನ ಕಣ್ಣಿಗೆ. ಶುಗರ್ ಇದ್ದವರು ಕಣ್ಣಿನ ಹಿಂಭಾಗದ ಪರದೆ ತೋರಿಸಲೇಬೇಕು, ಅಲ್ಲಿ ರಕ್ತನಾಳ ಹಾಳಾಗುತ್ತಿದ್ದರೂ ಶುರುವಿನಲ್ಲಿ ಏನೂ ಗೊತ್ತಾಗಲ್ಲ. ಅದಕ್ಕೆ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕುತ್ತಾರೆ. ನಾಲ್ಕೈದು ಗಂಟೆ ಕಣ್ಣು ಮಂಜು, ಬಿಸಿಲು ಕುಕ್ಕುತ್ತೆ. ಆಫೀಸಿನವರಾದರೆ ಸುಮ್ನೆ ಮಲಗಬಹುದು, ಸಾರುವೆ ಹತ್ತುವವರು ಆ ದಿನ ಕೆಲಸ ಬಿಟ್ಟ ಹಾಗೇ ಲೆಕ್ಕ. ಪುಣ್ಯಕ್ಕೆ ಪರದೆ ಚೆನ್ನಾಗಿತ್ತು. ಬೈಂಡಿಂಗ್ ವೈರ್ ಸುತ್ತುವಾಗ ಹತ್ತಿರದ್ದು ಕಾಣಲ್ಲ ಅಂದಿದ್ದಕ್ಕೆ, ಸಕ್ಕರೆ ಒಂದು ಹದಕ್ಕೆ ಬಂದ ಮೇಲೆ ಕನ್ನಡಕ ಬರೆದುಕೊಡ್ತೀವಿ ಅಂದರು. ಅದೂ ನಿಜ. ಸಕ್ಕರೆ ಏರಿಳಿದಾಗ ಕಣ್ಣಿನ ಪವರ್ ಬದಲಾಗುತ್ತೆ, ಈಗ ಮಾಡಿಸಿದ ಕನ್ನಡಕ ಮುಂದಿನ ತಿಂಗಳು ಸರಿಹೋಗಲ್ಲ. ಅಂದರೆ ಇನ್ನೊಂದು ದಿನ ಬಾಕಿ.

ಐದು ದಿನ, 3500 ರೂಪಾಯಿ ಕೂಲಿ. ಆಸ್ಪತ್ರೆಯಲ್ಲಿ ಕಟ್ಟಿದ ದುಡ್ಡು ಅದರ ಮುಂದೆ ಲೆಕ್ಕಕ್ಕೇ ಇಲ್ಲ. ನೀವು ಇದನ್ನ ಉಚಿತ ಚಿಕಿತ್ಸೆ ಅಂತ ಬರೆದುಕೊಳ್ತೀರಿ, ಅವರು ಅರ್ಧ ತಿಂಗಳು ಊರಿಗೆ ದುಡ್ಡು ಕಳಿಸಲಿಲ್ಲ.

ಅವರ ಹತ್ತಿರ ಕಾರ್ಡ್ ಇಲ್ಲ ಅಂತಲ್ಲ. ಬಿಪಿಎಲ್ ಕುಟುಂಬ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಪ್ಲಾಸ್ಟಿಕ್ ಕವರ್‌ನಲ್ಲಿ ಕಾರ್ಡ್ ಸುತ್ತಿ ತಂದು ನನಗೆ ತೋರಿಸಿ, "ಇದರಾಗ ಹಲ್ಲ ಆಗ್ತದೇನ್ರಿ?" ಅಂತ ಕೇಳಿದರು. ಆ ಯೋಜನೆ ಮುಖ್ಯವಾಗಿ ಅಡ್ಮಿಟ್ ಆಗುವ ಕಾಯಿಲೆಗೆ, ಆಪರೇಷನ್‌ಗೆ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೂ ತುರ್ತು ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಬಿಹಾರದವರ ಆಯುಷ್ಮಾನ್ ಕಾರ್ಡ್ ಇಲ್ಲೂ ನಡೆಯುತ್ತೆ, ಆದರೆ ಅದೂ ಅಡ್ಮಿಟ್ ಆದರೇನೇ. ಹೊರರೋಗಿಯಾಗಿ ಹಲ್ಲು ತೋರಿಸೋದು, ರಕ್ತ ಪರೀಕ್ಷೆ, ಕನ್ನಡಕ ಇವಕ್ಕೆಲ್ಲ ಆ ಕಾರ್ಡ್ ಬರಲ್ಲ. ಇದನ್ನ ಯಾರೂ ಅವರಿಗೆ ಹೇಳಿಲ್ಲ.

ಹೊರರೋಗಿ ಚಿಕಿತ್ಸೆಯನ್ನೂ ಒಳಗೊಂಡಿರುವುದು ಇಎಸ್‌ಐ, ಅಂದರೆ ಕೆಲಸಗಾರರ ವಿಮೆ. ಸಂಬಳ ತಿಂಗಳಿಗೆ 21,000 ದಾಟದವರಿಗೆ ಅದು ಸಿಗಬೇಕು. ಇವರದ್ದು 26 ದಿನಕ್ಕೆ 18,200. ಇವರಿಂದ 0.75 ಪರ್ಸೆಂಟ್, ಅಂದರೆ ಸುಮಾರು 137 ರೂಪಾಯಿ, ಮಾಲೀಕರಿಂದ 3.25 ಪರ್ಸೆಂಟ್, ಸುಮಾರು 592. ಇಷ್ಟು ಕಟ್ಟಿದ್ದರೆ ಹಲ್ಲು, ಕಣ್ಣು, ಟೆಸ್ಟ್, ಮಾತ್ರೆ ಎಲ್ಲ ಇವರಿಗೂ ಮನೆಯವರಿಗೂ ಆಗ್ತಿತ್ತು. ಮೇಸ್ತ್ರಿಯನ್ನ ಕೇಳಿದರೆ ನನಗೆ ಗೊತ್ತಿಲ್ಲ ಅಂತಾರೆ. ಮೇಸ್ತ್ರಿ ಕಟ್ಟದಿದ್ದರೆ ಮುಖ್ಯ ಮಾಲೀಕರೇ ಕಟ್ಟಬೇಕು ಅಂತ ಕಾನೂನಿದೆ. ಕಟ್ಟಡದ ಮುಂದೆ ಬಿಲ್ಡರ್ ಹೆಸರಿನ ದೊಡ್ಡ ಬೋರ್ಡ್ ಇದೆ, ಒಳಗಿನ ನೂರಾರು ಜನರಲ್ಲಿ ಇಎಸ್‌ಐ ನಂಬರ್ ಇರುವ ಒಬ್ಬರೂ ನನಗೆ ಸಿಕ್ಕಿಲ್ಲ.

ಇದು ಕಾರ್ಮಿಕ ಇಲಾಖೆಯ ವಿಷಯ ಅಂತ ದಯವಿಟ್ಟು ಪಕ್ಕಕ್ಕೆ ಇಡಬೇಡಿ. ನಿಮ್ಮ ಆಸ್ಪತ್ರೆಯ ಓಪಿ ಚೀಟಿಯಲ್ಲಿ ಎಲ್ಲಿ ಕೆಲಸ ಅಂತ ಒಂದು ಸಾಲು ಬರೆಸಿ. ಯಾವ ಸೈಟ್‌ನಿಂದ ಎಷ್ಟು ಜನ ಇಎಸ್‌ಐ ಇಲ್ಲದೆ ಬರ್ತಿದ್ದಾರೆ ಅನ್ನೋದು ಆ ಚೀಟಿಗಳಲ್ಲೇ ಕಾಣುತ್ತೆ. ಅದನ್ನ ಕಾರ್ಮಿಕ ಸಚಿವರಿಗೆ, ಇಎಸ್‌ಐ ನಿಗಮಕ್ಕೆ ಕಳಿಸಿ.

ಇನ್ನೊಂದು ನಿಮ್ಮ ಕೈಯಲ್ಲೇ ಇದೆ. ನಮ್ಮ ಏರಿಯಾದ ಸರ್ಕಾರಿ ಕ್ಲಿನಿಕ್ ಸಂಜೆ ನಾಲ್ಕೂವರೆಗೆ ಮುಚ್ಚುತ್ತೆ. ಶೆಡ್‌ನವರು ವಾಪಸ್ ಬರೋದು ಏಳಕ್ಕೆ. ಶೆಡ್‌ಗಳು ಜಾಸ್ತಿ ಇರುವ ಕಡೆಯಾದರೂ ವಾರದಲ್ಲಿ ಎರಡು ದಿನ ರಾತ್ರಿ ಒಂಬತ್ತರವರೆಗೆ ಒಬ್ಬ ಲ್ಯಾಬ್ ಟೆಕ್ನಿಷಿಯನ್ ಕೂರಿಸಿ. ಮೂರು ತಿಂಗಳ ಸಕ್ಕರೆ ಸರಾಸರಿ ತೋರಿಸುವ ಎಚ್‌ಬಿಎ1ಸಿ ಟೆಸ್ಟ್‌ಗೆ ಖಾಲಿ ಹೊಟ್ಟೆ ಬೇಕಿಲ್ಲ, ರಾತ್ರಿಯೂ ರಕ್ತ ತೆಗೆಯಬಹುದು. ಆ ರಿಪೋರ್ಟ್ ಹಿಡಿದು ಹಲ್ಲಿನ ಆಸ್ಪತ್ರೆಗೆ ಹೋದರೆ ಎರಡನೇ ದಿನದ ಕೂಲಿ ಉಳಿಯುತ್ತೆ. ತಿಂಗಳಿಗೆ ಎರಡು ಭಾನುವಾರ ಹಲ್ಲಿನ ಓಪಿ, ಕಣ್ಣಿನ ಓಪಿ ತೆರೆದರೆ ಡ್ರಾಪ್ಸ್ ಹಾಕಿಸಿಕೊಂಡು ಶೆಡ್‌ನಲ್ಲೇ ಮಲಗಬಹುದು. ರೂಟ್ ಕೆನಾಲ್‌ಗೆ ಮೂರು ಭಾನುವಾರ ಸಿಕ್ಕರೆ ಜನ ಹಲ್ಲು ಕೀಳಿಸಲ್ಲ ಸರ್.

ಮೊನ್ನೆ ಅವರು ಮತ್ತೆ ಅಂಗಡಿಗೆ ಬಂದಿದ್ದರು, ಈ ಸಲ ಶುಗರ್ ಮಾತ್ರೆಗೆ. ಬಲಗಡೆ ಮಾತ್ರ ಅಗಿಯುತ್ತಾರಂತೆ. ಕನ್ನಡಕಕ್ಕೆ ಯಾವತ್ತು ಹೋಗ್ತೀರಿ ಅಂದೆ. "ಐತಾರ ತೆಗದಿರ್ತಾರೇನ್ರಿ?" ಅಂದರು. ಇಲ್ಲ ಅಂತ ಹೇಳಿ ಕಳಿಸಿದ್ದೇನೆ. ನಿಮ್ಮಿಂದ ಬೇರೆ ಉತ್ತರ ಬಂದರೆ ನಾನೇ ಶೆಡ್‌ಗೆ ಹೋಗಿ ತಿಳಿಸುತ್ತೇನೆ.

ಇಂತಿ,
ಒಬ್ಬ ಮೆಡಿಕಲ್ ಶಾಪ್ ಕೆಲಸಗಾರ