ಪುಟ್ಟಿಗೆ, ಐದೂ ಸರಿ ಅನ್ನಿಸುವ ಬಗ್ಗೆ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸಮಾಚಾರವನ್ನೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ಬ್ಯಾಂಕ್ ಪರೀಕ್ಷೆಯ ತಯಾರಿಯ ಬಗ್ಗೆ ನೀನು ಬರೆದ ಕಾಗದದ ಕೊನೆಯಲ್ಲಿದ್ದ ಒಂದು ಸಾಲು ಎರಡು ದಿನದಿಂದ ನನ್ನನ್ನು ಬಿಡುತ್ತಿಲ್ಲ. "ಕ್ಲೋಜ್ ಟೆಸ್ಟಿನಲ್ಲಿ ಐದು ಆಯ್ಕೆಯೂ ಸರಿ ಅನ್ನಿಸುತ್ತವೆ ದೊಡ್ಡಪ್ಪ, ಕನ್ನಡ ಮೀಡಿಯಮ್ಮಿನವಳಿಗೆ ಇದು ಹತ್ತುವುದೇ ಇಲ್ಲವೇನೋ" ಅಂತ, ಇಂಗ್ಲಿಷ್ ಪ್ಯಾಸೇಜಿನ ಖಾಲಿ ಜಾಗಗಳನ್ನು ತುಂಬುವ ಆ ಪ್ರಶ್ನೆಗಳ ಬಗ್ಗೆ ಬರೆದಿದ್ದೀಯ. ಇದೇ ಮಾತನ್ನು ನಾನು 1986ರಲ್ಲಿ ನನಗೇ ಹೇಳಿಕೊಂಡಿದ್ದೆ. ಅದಕ್ಕೇ ತಡೆಯಲಾಗದೆ ಬರೆಯುತ್ತಿದ್ದೇನೆ.

ಐದೂ ಸರಿ ಅನ್ನಿಸುವುದಕ್ಕೆ ಒಂದು ಕಾರಣವಿದೆ. ನೀನು ಪ್ರತಿ ಪದವನ್ನೂ ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡು ಓದುತ್ತೀಯ, ಅಲ್ವಾ? ನಾನೂ ಹಾಗೇ ಓದುತ್ತಿದ್ದೆ. ಒಂದು ಪ್ಯಾಸೇಜ್ ಇದೆ ಅಂದುಕೋ. 1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದವು, ಹಳ್ಳಿಗಳಲ್ಲಿ ಶಾಖೆಗಳು ತೆರೆದವು. ಆಮೇಲೆ ಒಂದು ಖಾಲಿ ಜಾಗ. ರೈತರು ಸಾಹುಕಾರನ ಬಳಿಗೇ ಹೋಗುತ್ತಿದ್ದರು, ಯಾಕೆಂದರೆ "ಹಿ ____ ನೋ ಪೇಪರ್ಸ್". ಆಯ್ಕೆಗಳು: ಆಸ್ಕ್ಡ್, ಇನ್ಸಿಸ್ಟೆಡ್, ಡಿಮ್ಯಾಂಡೆಡ್, ಅಬ್ಜೆಕ್ಟೆಡ್, ರಿಲೈಡ್.

ಕನ್ನಡ ಮಾಡಿಕೊಂಡರೆ ಮೊದಲ ಮೂರೂ ಒಂದೇ. ಕಾಗದಪತ್ರ ಕೇಳುತ್ತಿರಲಿಲ್ಲ, ಅಷ್ಟೇ. ಆದರೆ ಖಾಲಿ ಜಾಗದ ಆಚೆ ಏನಿದೆ ನೋಡು. ನೇರವಾಗಿ "ನೋ ಪೇಪರ್ಸ್" ಇದೆ. ಆಸ್ಕ್ಡ್ ಬಂದರೆ ಅಲ್ಲಿ "ಫಾರ್" ಇರಬೇಕಿತ್ತು. ಇನ್ಸಿಸ್ಟೆಡ್‌ಗೂ ರಿಲೈಡ್‌ಗೂ "ಆನ್" ಬೇಕು, ಅಬ್ಜೆಕ್ಟೆಡ್‌ಗೆ "ಟು" ಬೇಕು. ಅದ್ಯಾವುದೂ ಅಲ್ಲಿಲ್ಲ. ಜೊತೆಗೆ ಏನೂ ಬೇಡ ಅನ್ನುವ ಪದ ಡಿಮ್ಯಾಂಡೆಡ್ ಒಂದೇ.

ಇದು ನಿನಗೆ ಹೊಸದಲ್ಲ ಮಗಳೇ. ಬಸ್ಸಿಗೆ ಕಾಯುತ್ತೇವೆ, ಬಸ್ಸನ್ನು ಹತ್ತುತ್ತೇವೆ, ಬಸ್ಸಿನಿಂದ ಇಳಿಯುತ್ತೇವೆ. ಯಾವ ಕ್ರಿಯಾಪದಕ್ಕೆ ಯಾವ ವಿಭಕ್ತಿ ಅಂತ ನೀನು ಯೋಚಿಸುವುದೇ ಇಲ್ಲ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಪದದ ಪಕ್ಕ ನಿಂತ ಚಿಕ್ಕ ಪದ ಮಾಡುತ್ತದೆ. ಮನಸ್ಸಿನಲ್ಲಿ ಕನ್ನಡ ಮಾಡಿಕೊಂಡಾಗ ಆ ಚಿಕ್ಕ ಪದವೇ ಉದುರಿಹೋಗುತ್ತದೆ. ಅದು ಉದುರಿದ ಮೇಲೆ ಐದೂ ಸರಿ ಅನ್ನಿಸದೆ ಇನ್ನೇನು? ನಿನಗೆ ಇಂಗ್ಲಿಷ್ ಬರುವುದಿಲ್ಲ ಅಂತ ಅದರ ಅರ್ಥವಲ್ಲ.

ನಾನು ಬ್ಯಾಂಕ್ ಕೆಲಸಕ್ಕೆಂದು ಬಿ.ಎಸ್.ಆರ್.ಬಿ. ಪರೀಕ್ಷೆಗೆ ಹೋದಾಗ ಇದನ್ನು ಹೇಳುವವರು ಯಾರೂ ಇರಲಿಲ್ಲ. ಮೊದಲನೇ ಸಲ ಒಂದರಿಂದ ಶುರುಮಾಡಿ ಸಾಲಾಗಿ ತುಂಬುತ್ತಾ ಹೋದೆ. ಮೊದಲ ಜಾಗದಲ್ಲಿ "ದೇರ್‌ಫೋರ್" ಹಾಕಿದೆ. ಅದು ತಪ್ಪು. ಆದರೆ ಹಾಕಿದ ಮೇಲೆ ಅದಕ್ಕೆ ಹೊಂದಬೇಕು ಅಂತ ಉಳಿದ ಪದಗಳನ್ನೂ ಬಗ್ಗಿಸಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಗೆಳೆಯ ಅವನ ಉತ್ತರ ಹೇಳಿದಾಗ ಎದೆ ಧಸಕ್ಕೆಂದಿತು. ಎರಡನೇ ಸಲ ಆ ಪ್ಯಾಸೇಜನ್ನೇ ಮುಟ್ಟಲಿಲ್ಲ. ಹೆದರಿ ಪೂರ್ತಿ ಬಿಟ್ಟುಬಂದೆ. ಮುಂದಿನದು ನಿನಗೆ ಗೊತ್ತೇ ಇದೆ. ಮೊದಲ ಸಲದ ತಪ್ಪಿಗೆ ನನಗೆ ಅಷ್ಟು ಬೇಜಾರಿಲ್ಲ ಪುಟ್ಟಿ. ಎರಡನೇ ಸಲ ಬಿಟ್ಟುಬಂದಿದ್ದು ಇವತ್ತಿಗೂ ನೋಯಿಸುತ್ತದೆ.

ಒಂದು ತಪ್ಪಿದರೆ ಎಲ್ಲವೂ ತಪ್ಪುತ್ತದೆ ಅಂತಲೂ ಬರೆದಿದ್ದೀಯ. ಸಾಲಾಗಿ ತುಂಬಿದರೆ ಹಾಗಾಗಬಹುದು, ನನಗೆ ಆಯಿತಲ್ಲ. ಮತ್ತೆ ಆ ಸಾಹುಕಾರನ ಪ್ಯಾಸೇಜಿಗೇ ಬರುತ್ತೇನೆ. ಶಾಖೆಗಳು ತೆರೆದವು ಅಂದಮೇಲೆ ಬರುವ ಮೊದಲ ಜಾಗಕ್ಕೆ ದೇರ್‌ಫೋರ್, ಹೌಎವರ್, ಮೋರೋವರ್, ಸಿಮಿಲರ್ಲಿ, ಅದರ್‌ವೈಸ್ ಇವೆ ಅಂದುಕೋ. ವ್ಯಾಕರಣ ಐದನ್ನೂ ಒಪ್ಪುತ್ತದೆ. ಅಲ್ಲೇ ನಿಂತರೆ ಯಾವತ್ತೂ ತಿಳಿಯುವುದಿಲ್ಲ. ಮುಂದಿನ ವಾಕ್ಯ ಓದಬೇಕು. ಬ್ಯಾಂಕು ಬಂದರೂ ರೈತರು ಸಾಹುಕಾರನ ಹತ್ತಿರವೇ ಹೋದರು, ಮಾತು ತಿರುಗಿತು. ಆಗ ಹೌಎವರ್.

ಕೊನೆಯ ವಾಕ್ಯದಲ್ಲಿ ಇನ್ನೊಂದು ಜಾಗ ಇಡೋಣ. ಸಾಲ ಬೇಗ ಸಿಗುತ್ತಿತ್ತು, "ಬಟ್ ದಿ ಇಂಟರೆಸ್ಟ್ ವಾಸ್ ಸೋ ____ ದಟ್" ಎಷ್ಟೋ ಮನೆಗಳು ಜಮೀನು ಕಳೆದುಕೊಂಡವು. ಆಯ್ಕೆಗಳು ಲೋ, ಫೇರ್, ಸ್ಟೀಪ್, ಮಾಡೆಸ್ಟ್, ನಾಮಿನಲ್. ಇಲ್ಲೂ ವ್ಯಾಕರಣ ಯಾವುದನ್ನೂ ಹೊರಗೆ ಹಾಕುವುದಿಲ್ಲ. ಆದರೆ "ಬಟ್" ಇದೆ, ಜಮೀನು ಹೋಗಿದೆ. ಬಡ್ಡಿ ವಿಪರೀತ ಇದ್ದಿರಲೇಬೇಕು, ಸ್ಟೀಪ್. ಇದನ್ನು ತುಂಬಿ ವಾಪಸ್ ಹೋದರೆ ಮೊದಲ ಜಾಗವೂ ತಿಳಿಯಾಗುತ್ತದೆ. ಆ ಪ್ಯಾಸೇಜ್ ಸಾಹುಕಾರನಿಂದಾದ ಹಾನಿಯನ್ನು ಹೇಳುತ್ತಿದೆ, ಬ್ಯಾಂಕು ಬಂದರೂ ಅದು ನಿಲ್ಲಲಿಲ್ಲ ಅನ್ನುತ್ತಿದೆ.

ಹಾಗಾಗಿ, ನನ್ನಂಥವನು ಹೇಳಬಹುದೋ ಇಲ್ಲವೋ, ಮೊದಲು ಏನನ್ನೂ ತುಂಬದೆ ಪೂರ್ತಿ ಓದು. ಒಂದು ನಿಮಿಷ ಹೋದರೂ ಹೋಗಲಿ. ಆಮೇಲೆ ಪಕ್ಕದ ಚಿಕ್ಕ ಪದದಿಂದಲೇ ಗೊತ್ತಾಗುವ ಜಾಗಗಳನ್ನು ತುಂಬು. ಹೌಎವರ್, ದೇರ್‌ಫೋರ್ ಥರದ ಜೋಡಿಸುವ ಪದಗಳನ್ನು ಕೊನೆಗೆ ಇಟ್ಟುಕೋ. ಪ್ರಿಲಿಮ್ಸ್‌ನ ಇಂಗ್ಲಿಷ್ ಭಾಗದಲ್ಲಿ 20 ನಿಮಿಷಕ್ಕೆ 30 ಪ್ರಶ್ನೆ ಅಂದಿದ್ದೀಯ, ಗಡಿಯಾರದ ಒತ್ತಡ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಸರಿಹೊಂದದಿದ್ದರೆ ಬಿಟ್ಟುಬಿಡು.

ಒಂದು ಜಾತಿಯ ಜಾಗಕ್ಕೆ ಮಾತ್ರ ನನ್ನ ಹತ್ತಿರ ಉಪಾಯವಿಲ್ಲ. "ಪೇ ಅಟೆನ್ಷನ್" ಅನ್ನುತ್ತಾರೆ, "ಡೂ ಅಟೆನ್ಷನ್" ಅನ್ನುವುದಿಲ್ಲ. ಯಾಕೆ ಅಂದರೆ ಯಾಕೂ ಇಲ್ಲ. ನಾವು ಬಟ್ಟೆ ಒಗೆಯುತ್ತೇವೆ, ಪಾತ್ರೆ ತೊಳೆಯುತ್ತೇವೆ. ಪಾತ್ರೆ ಒಗೆದೆ ಅಂದರೆ ನಿನ್ನಜ್ಜಿ ತಿರುಗಿ ನೋಡುತ್ತಿದ್ದಳು. ಇದು ಓದಿ ಓದಿ ಕಿವಿಗೆ ಬರಬೇಕು. ಪದಗಳನ್ನು ಒಂಟಿಯಾಗಿ ಬರೆದಿಟ್ಟುಕೊಳ್ಳಬೇಡ, ಜೊತೆಯ ಪದವನ್ನೂ ಸೇರಿಸಿ ಬರೆದುಕೋ. ಇನ್ಸಿಸ್ಟ್ ಅಂತ ಬರೆಯಬೇಡ, ಇನ್ಸಿಸ್ಟ್ ಆನ್ ಅಂತ ಬರೆ.

ತಪ್ಪಿಗೆ ಕಾಲು ಅಂಕ ಹೋಗುತ್ತದೆ ಅನ್ನುವ ಭಯಕ್ಕೂ ಒಂದು ಮಾತು. ಐದರಲ್ಲಿ ಒಂದನ್ನು ಸುಮ್ನೆ ಕಣ್ಣುಮುಚ್ಚಿ ಒತ್ತಿದರೆ ಸರಾಸರಿಯಲ್ಲಿ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಮೂರನ್ನು ಖಾತ್ರಿಯಾಗಿ ತೆಗೆದುಹಾಕಿ ಎರಡು ಉಳಿದರೆ ಒತ್ತುವುದೇ ಲಾಭ. ನಾನು ಬಿಟ್ಟುಬಂದ ದಿನ ಈ ಲೆಕ್ಕ ಯಾರಾದರೂ ಹೇಳಿದ್ದರೆ ಅಂತ ಅನ್ನಿಸುತ್ತದೆ.

ಇನ್ನೊಂದು ವಿಷಯ. ನಿನ್ನಪ್ಪ ಪಿ.ಯು.ಸಿ.ಯಲ್ಲಿದ್ದಾಗ ಒಂದು ರಾತ್ರಿ "ಅನ್‌ಲೆಸ್" ಅಂದರೇನು ಅಂತ ಕೇಳಿದ. ನನ್ನ ಎರಡನೇ ಫಲಿತಾಂಶ ಬಂದ ವಾರ ಅದು. ಡಿಕ್ಷನರಿ ನೋಡ್ಕೋ ಅಂತ ಗದರಿದೆ. ಆಮೇಲೆ ಅವನು ನನ್ನನ್ನು ಇಂಗ್ಲಿಷ್ ಕೇಳಲೇ ಇಲ್ಲ. ನಿನ್ನ ಸಾಲು ಓದಿದಾಗ ಅವನ ಆ ಮುಖವೇ ಕಣ್ಣೆದುರು ಬಂತು.

ಈ ವಾರ ಮೂರು ಪ್ಯಾಸೇಜ್ ಮಾಡಿ ನನಗೆ ಕಳಿಸು. ಉತ್ತರ ಸಾಲದು, ಬಿಟ್ಟ ನಾಲ್ಕು ಪದಗಳಲ್ಲಿ ಯಾವುದನ್ನು ಯಾಕೆ ಬಿಟ್ಟೆ ಅಂತ ಪಕ್ಕದಲ್ಲಿ ಬರೆ. ಐದೂ ಸರಿ ಅನ್ನಿಸಿದ ಕಡೆ ಒಂದು ಸುತ್ತು ಹಾಕು. ನಾನೂ ಮಾಡಿಟ್ಟುಕೊಂಡಿರುತ್ತೇನೆ, ಭಾನುವಾರ ಫೋನಿನಲ್ಲಿ ಕೂತು ನೋಡೋಣ.

ನಿನ್ನ ದೊಡ್ಡಪ್ಪ